ಹಿರಿಯರ ತುರ್ತು ಚೀಟಿ: ಒಂದೇ ಹಾಳೆಯಲ್ಲಿ ಏನು ಬರೆಯಬೇಕು, ಹೇಗೆ ಬರೆಯಬೇಕು

ವಯಸ್ಸಾದವರನ್ನು ರಾತ್ರಿ ಹೊತ್ತು ತುರ್ತು ವಿಭಾಗಕ್ಕೆ ಕರೆತಂದಾಗ ಡಾಕ್ಟರು ಕೇಳುವ ಪ್ರಶ್ನೆಗಳು ಬಹಳವಿಲ್ಲ. ಯಾವ ಕಾಯಿಲೆ ಇದೆ, ದಿನಾ ಏನು ಗುಳಿಗೆ, ಯಾವ ಔಷಧ ಆಗಿಬರುವುದಿಲ್ಲ, ನಿನ್ನೆವರೆಗೆ ಹೇಗಿದ್ದರು. ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: “ಶುಗರ್ ಅದರಿ, ಬಿಪಿ ಅದ. ಮುಂಜಾನೆ ಒಂದು ಬಿಳಿ ಗುಳಿಗಿ, ರಾತ್ರಿ ಒಂದು ಸಣ್ಣದು ತಗೋತಾಳ್ರಿ. ಹಾರ್ಟಿಂದು ಸೋಲಾಪುರದಾಗ ಮಾಡಿಸೇವಿ, ಫೈಲ್ ಮನ್ಯಾಗ ಉಳದದ.”

ನಾನು ಕೂಡುವುದು ವಿಜಯಪುರದ ಒಂದು ಔಷಧ ಅಂಗಡಿಯ ಕೌಂಟರಿನಲ್ಲಿ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿರುವ ಗುಳಿಗೆಗಳಲ್ಲಿ ಅರ್ಧಕ್ಕರ್ಧ ಬಿಳಿಯೇ. ಹಾಗಾಗಿ ಡಾಕ್ಟರ ಈ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಡುವ ತುರ್ತು ಚೀಟಿಯಲ್ಲಿ ಅತಿ ಹೆಚ್ಚು ಶ್ರಮ ಬೇಡುವುದು ಗುಳಿಗೆಗಳ ಪಟ್ಟಿ. ಉಳಿದದ್ದನ್ನೆಲ್ಲ ಒಂದು ಸಂಜೆ ಕೂತು ಬರೆಯಬಹುದು.

ಮೊದಲೇ ಒಂದು ಮಾತು. ಇದು ಫೈಲಿನ ಸಾರಾಂಶವಲ್ಲ. ಓದಿದ ಡಾಕ್ಟರು ಅಥವಾ ನರ್ಸು ಮೊದಲ ಹತ್ತು ನಿಮಿಷದಲ್ಲಿ ಮಾಡುವ ಕೆಲಸ ಯಾವ ಸಾಲಿನಿಂದ ಬದಲಾಗುತ್ತದೋ ಆ ಸಾಲಿಗೆ ಮಾತ್ರ ಇಲ್ಲಿ ಜಾಗ. 1998ರ ಹರ್ನಿಯಾ ಆಪರೇಷನ್ ಫೈಲಿನಲ್ಲೇ ಇರಲಿ. ಎದೆಯೊಳಗಿರುವ ಪೇಸ್‌ಮೇಕರ್ ಹಾಳೆಯ ಮೇಲ್ತುದಿಗೆ ಬರಬೇಕು.

ಹೇಳಿದ್ದು ಅರ್ಥವಾಗಲು ಒಂದು ಮನೆಯನ್ನು ಕಣ್ಣ ಮುಂದಿಟ್ಟುಕೊಳ್ಳೋಣ. ಇಂಡಿ ತಾಲೂಕಿನ ಒಂದು ಹಳ್ಳಿ, 74 ವರ್ಷದ ಅಜ್ಜಿ. ಮಗ ಪುಣೆಯಲ್ಲಿ, ಮಗಳು ವಿಜಯಪುರದಲ್ಲಿ, ಪಕ್ಕದ ಮನೆಯಲ್ಲಿ ಮೈದುನನ ಮಗ. ಶುಗರ್, ಬಿಪಿ ಹಳೆಯವು. 2021ರಲ್ಲಿ ಸೋಲಾಪುರದಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಜ್ಜಿ ಕಲ್ಪಿತಳು, ಆದರೆ ಇಂಥ ಮನೆ ನಮ್ಮ ಕಡೆ ಪ್ರತಿ ಓಣಿಯಲ್ಲೂ ಸಿಗುತ್ತದೆ.

ಮೊದಲ ಕೆಲಸ: ಚೀಲ ಸುರಿಯುವುದು

ಡಾಕ್ಟರ ಚೀಟಿ ನೋಡಿ ಪಟ್ಟಿ ಮಾಡಬೇಡಿ. ಬರೆದುಕೊಟ್ಟದ್ದಕ್ಕೂ ಅಜ್ಜಿ ನುಂಗುತ್ತಿರುವುದಕ್ಕೂ ಅಂತರವಿರುತ್ತದೆ. ಗುಳಿಗೆ ಚೀಲ, ದೇವರ ಜಗಲಿ ಮೇಲಿನ ಡಬ್ಬಿ, ದಿಂಬಿನ ಕೆಳಗಿನ ಸ್ಟ್ರಿಪ್, ಪ್ರಯಾಣದ ಬ್ಯಾಗಿನ ಕಿಸೆ, ಎಲ್ಲವನ್ನೂ ತಂದು ಒಂದು ಚಾದರದ ಮೇಲೆ ಸುರಿಯಿರಿ. ಮುಲಾಮು, ಕಣ್ಣಿನ ಹನಿ, ಇನ್ಹೇಲರ್, ಆಯುರ್ವೇದದ ಪುಡಿ, ಯಾರೋ ಕೊಟ್ಟ ಮೊಣಕಾಲಿನ ಎಣ್ಣೆ ಸಹ ಬರಲಿ.

ಆಮೇಲೆ ಒಂದೊಂದನ್ನೇ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿ. ಇದನ್ನು ಯಾವಾಗ ತಗೋತಿ? ಯಾತಕ್ಕ ತಗೋತಿ? ಕಡೀಕ ತಗೊಂಡಿದ್ದು ಯಾವತ್ತು? ಗದರಿಸಿ ಕೇಳಿದರೆ “ದಿನಾ ತಗೋತೀನಪಾ” ಎಂಬ ಒಂದೇ ಉತ್ತರ ಬರುತ್ತದೆ. ಸುಮ್ಮನೆ ಹರಟೆಯ ನಡುವೆ ಕೇಳಿದರೆ ನಿಜ ಹೊರಬೀಳುತ್ತದೆ.

ನಮ್ಮ ಅಜ್ಜಿಯ ಚಾದರದ ಮೇಲೆ ಮೂರು ಸಂಗತಿ ಸಿಕ್ಕವು ಅನ್ನಿ. ಒಂದು, ಟೆಲ್ಮಿಸಾರ್ಟನ್ 40 ಎಂ.ಜಿ. ಎಂಬ ಬಿಪಿ ಗುಳಿಗೆ ಎರಡು ಬೇರೆ ಬೇರೆ ಕಂಪನಿ ಹೆಸರಿನಲ್ಲಿದೆ. ಒಂದನ್ನು ಸೋಲಾಪುರದವರು ಬರೆದದ್ದು, ಇನ್ನೊಂದನ್ನು ವಿಜಯಪುರದವರು. ಅಜ್ಜಿ ಎರಡನ್ನೂ ನುಂಗುತ್ತಿದ್ದಾಳೆ. ಎರಡು, ಮೂತ್ರ ಹೋಗಿಸುವ ಟಾರ್ಸೆಮೈಡ್ ಗುಳಿಗೆಯನ್ನು ಊರಿಗೆ ಹೋಗುವ ದಿನ ಬಿಟ್ಟುಬಿಡುತ್ತಾಳೆ, ಬಸ್ಸು ನಡುವೆ ನಿಲ್ಲುವುದಿಲ್ಲವಲ್ಲ. ಮೂರು, ಮೊಣಕಾಲು ನೋವಿಗೆ ಅಂಗಡಿಯಿಂದ ನೇರವಾಗಿ ತಂದ ಡೈಕ್ಲೋಫೆನಾಕ್ ಇದೆ. ಹೃದಯಕ್ಕೂ ಕಿಡ್ನಿಗೂ ತೊಂದರೆ ಇರುವವರಿಗೆ ಅದು ಒಳ್ಳೆಯ ಗುಳಿಗೆಯಲ್ಲ.

ಇಲ್ಲಿ ಕೈ ತಡೆಯಿರಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಸಿಕ್ಕದ್ದನ್ನು ಸಿಕ್ಕಂತೆ ಬರೆದುಕೊಂಡು, ನೋಡುವ ಡಾಕ್ಟರಿಗೆ ಅದೇ ದಿನ ಫೋನು ಮಾಡಿ ಅಥವಾ ಮರುದಿನ ಚೀಲ ಸಮೇತ ಹೋಗಿ. ಅವರು ಸರಿಪಡಿಸಿಕೊಟ್ಟ ಪಟ್ಟಿಯೇ ಚೀಟಿಗೆ ಇಳಿಯುವುದು.

ಗುಳಿಗೆಯ ಹೆಸರು ಬರೆಯುವ ಬಗೆ

ಸ್ಟ್ರಿಪ್ಪಿನ ಮೇಲೆ ಎರಡು ಹೆಸರಿರುತ್ತವೆ. ಕಣ್ಣಿಗೆ ಹೊಡೆಯುವಂತೆ ಇರುವುದು ಬಹುತೇಕ ಕಂಪನಿ ಇಟ್ಟ ಹೆಸರು. ಇನ್ನೊಂದು ಔಷಧದ ಮೂಲ ಹೆಸರು, ಅದರ ಬೆನ್ನಿಗೆ ಹೆಚ್ಚಾಗಿ ‘ಟ್ಯಾಬ್ಲೆಟ್ಸ್ ಐ.ಪಿ.’ ಎಂದು ಇರುತ್ತದೆ. ಚೀಟಿಗೆ ಬೇಕಾದದ್ದು ಈ ಮೂಲ ಹೆಸರು. ಯಾಕೆಂದರೆ ಅಂಗಡಿಯಲ್ಲಿ ಸ್ಟಾಕು ಮುಗಿದಾಗ, ಅಥವಾ ನೀವು ಜನೌಷಧಿ ಕೇಂದ್ರದಿಂದ ತಂದಾಗ ಕಂಪನಿ ಹೆಸರು ಬದಲಾಗುತ್ತದೆ, ಮೂಲ ಹೆಸರು ಬದಲಾಗುವುದಿಲ್ಲ. ಕಂಪನಿ ಹೆಸರನ್ನು ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಳ್ಳಿ, ಮನೆಯವರಿಗೆ ಗುರುತು ಸಿಗುತ್ತದೆ.

ಕಿವಿಯಲ್ಲಿ ಕೇಳಿದಂತೆ ಬರೆಯಬೇಡಿ. ಒಂದೇ ಅಕ್ಷರದ ವ್ಯತ್ಯಾಸವಿರುವ, ಕೆಲಸದಲ್ಲಿ ಅಜಗಜಾಂತರವಿರುವ ಗುಳಿಗೆಗಳು ಎಷ್ಟೋ ಇವೆ. ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರವಾಗಿ ನಕಲು ಮಾಡಿ. ಔಷಧದ ಹೆಸರು ಇಂಗ್ಲಿಷ್ ದೊಡ್ಡ ಅಕ್ಷರದಲ್ಲೇ ಇರಲಿ. ನಮ್ಮ ಜಿಲ್ಲೆಗಳಿಗೆ ಇದು ಇನ್ನೂ ಮುಖ್ಯ: ಇಂಡಿಯವರು ಸೋಲಾಪುರಕ್ಕೆ, ಅಥಣಿ-ಚಿಕ್ಕೋಡಿಯವರು ಮಿರಜಿಗೆ ಓಡುತ್ತಾರೆ, ಅಲ್ಲಿ ಕನ್ನಡ ಓದುವ ಡಾಕ್ಟರು ಸಿಗುತ್ತಾರೆಂಬ ಖಾತ್ರಿ ಇಲ್ಲ. ಕನ್ನಡ ಮನೆಯವರಿಗೆ, ಇಂಗ್ಲಿಷ್ ಡಾಕ್ಟರಿಗೆ.

ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿದಿರುತ್ತದೆ. ಅಂಥದ್ದು ಸಿಕ್ಕರೆ ಊಹಿಸಬೇಡಿ, ಬಿಲ್ ನೋಡಿ ಅಥವಾ ಕೊಂಡ ಅಂಗಡಿಗೇ ಒಯ್ದು ಕೇಳಿ.

ಪ್ರಮಾಣ ಬರೆಯುವಾಗ ಪೆನ್ನಿನ ತುದಿಯಲ್ಲೇ ಅಪಾಯ ಇದೆ. 5.0 ಎಂದು ಬರೆದರೆ ಚುಕ್ಕೆ ಮಾಸಿದಾಗ 50 ಆಗುತ್ತದೆ, ಹಾಗಾಗಿ 5 ಎಂದಷ್ಟೇ ಬರೆಯಿರಿ. ಅದೇ .25 ಎಂದು ಬರೆದರೆ 25 ಆಗಬಹುದು, ಅಲ್ಲಿ 0.25 ಎಂದೇ ಇರಲಿ. ಥೈರಾಯ್ಡ್ ಗುಳಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ, ಅದನ್ನು ಎಂ.ಜಿ. ಎಂದು ಬರೆದರೆ ಸಾವಿರ ಪಟ್ಟು ವ್ಯತ್ಯಾಸ. ಇನ್ಸುಲಿನ್ ಇದ್ದರೆ ‘ಯೂನಿಟ್’ ಎಂದು ಪೂರ್ತಿ ಬರೆಯಿರಿ. ಬರೀ ಯು ಅಕ್ಷರ ಅವಸರದ ಕಣ್ಣಿಗೆ ಸೊನ್ನೆಯಂತೆ ಕಾಣುತ್ತದೆ, 10 ಹೋಗಿ 100 ಆಗುತ್ತದೆ. ಇನ್ಸುಲಿನ್ನಿನ ಪೂರ್ತಿ ಹೆಸರು, ಸೀಸೆಯೋ ಪೆನ್ನೋ, ಮುಂಜಾನೆ ಎಷ್ಟು, ರಾತ್ರಿ ಎಷ್ಟು, ಇವೂ ಬರಲಿ. ನಮ್ಮಲ್ಲಿ ಸೀಸೆಗಳು ಹೆಚ್ಚಾಗಿ ಎಂ.ಎಲ್.ಗೆ 40 ಯೂನಿಟ್ಟಿನವು, ಪೆನ್ನಿನವು 100 ಯೂನಿಟ್ಟಿನವು. ಸಿರಿಂಜು ಅದಲುಬದಲಾದರೆ ಪ್ರಮಾಣವೂ ಕೆಡುತ್ತದೆ.

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ಮನೆಯವರು ‘ರಕ್ತ ತೆಳು ಮಾಡೋ ಗುಳಿಗಿ’ ಎನ್ನುವುದರಲ್ಲಿ ಎರಡು ಬೇರೆ ಬೇರೆ ಬಗೆ ಇವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಒಂದು ಬಗೆ, ಸ್ಟೆಂಟ್ ಹಾಕಿದವರಿಗೆ ಸಾಮಾನ್ಯ. ವಾರ್ಫರಿನ್, ಅಸೆನೊಕೂಮರಾಲ್, ರಿವರೊಕ್ಸಬಾನ್, ಅಪಿಕ್ಸಬಾನ್, ಡಾಬಿಗಾಟ್ರಾನ್ ಇನ್ನೊಂದು ಬಗೆ, ಹೃದಯದ ಬಡಿತ ಏರುಪೇರಾದವರಿಗೆ ಕೊಡುವಂಥವು, ಕವಾಟ ಬದಲಿಸಿದವರಿಗೆ ಹೆಚ್ಚಾಗಿ ಇವುಗಳಲ್ಲಿ ಮೊದಲಿನ ಎರಡು. ಪಾರ್ಶ್ವವಾಯು ಹೊಡೆದವರಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ತಾಸು. ಎರಡನೇ ಬಗೆಯ ಗುಳಿಗೆ ತಗೊಳ್ಳುತ್ತಿದ್ದರೆ ಆ ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂಬ ತೀರ್ಮಾನವೇ ಬದಲಾಗಬಹುದು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದಾಗಲೂ ಡಾಕ್ಟರಿಗೆ ಮೊದಲು ಬೇಕಾದ ಮಾಹಿತಿ ಇದೇ. ಆದ್ದರಿಂದ ಗುಳಿಗೆಯ ಹೆಸರನ್ನೇ ಬರೆಯಿರಿ, ‘ರಕ್ತದ ಗುಳಿಗೆ’ ಎಂದು ಬರೆದರೆ ಏನೂ ತಿಳಿಯುವುದಿಲ್ಲ.

ಶುಗರ್ ಗುಳಿಗೆಯಲ್ಲೂ ಇಂಥದ್ದೇ ಒಂದು ಸೂಕ್ಷ್ಮ ಇದೆ. ಗ್ಲಿಮೆಪಿರೈಡ್ ತಗೊಂಡು ಊಟ ಬಿಟ್ಟ ಹಿರಿಯರು ಶುಗರ್ ಇಳಿದು ತೊದಲುತ್ತಾರೆ, ಎಚ್ಚರ ತಪ್ಪುತ್ತಾರೆ. ಗ್ಲುಕೋಸ್ ಏರಿಸಿದ ಕೂಡಲೇ ಎದ್ದು ಕೂತರೂ, ಗುಳಿಗೆಯ ಪ್ರಭಾವ ಬಹಳ ಹೊತ್ತು ಇರುವುದರಿಂದ ಕೆಲವು ತಾಸಿನ ಮೇಲೆ ಶುಗರ್ ಮತ್ತೆ ಇಳಿಯಬಹುದು. ಚೀಟಿಯಲ್ಲಿ ಹೆಸರು ಕಂಡ ಡಾಕ್ಟರು ಅವರನ್ನು ಕೂಡಲೇ ಮನೆಗೆ ಕಳಿಸದೆ ಉಳಿಸಿಕೊಳ್ಳುತ್ತಾರೆ.

ಅಲರ್ಜಿ: ಔಷಧ ಯಾವುದು, ಆದದ್ದು ಏನು

‘ಅಲರ್ಜಿ ಇದೆ’ ಎಂದು ಬರೆದರೆ ಸಾಲದು. ಯಾವ ಔಷಧ, ಏನಾಯಿತು, ಯಾವ ವರ್ಷ, ಈ ಮೂರೂ ಒಂದೇ ಸಾಲಿನಲ್ಲಿ ಬೇಕು. ಮೈಮೇಲೆ ಪಿತ್ತದ ಗಂಧೆ ಎದ್ದವೇ, ತುಟಿ ಕಣ್ಣು ಬಾತವೇ, ಉಸಿರು ಕಟ್ಟಿತೇ, ಚರ್ಮ ಸುಲಿಯಿತೇ, ಇವು ಡಾಕ್ಟರು ಹೆದರಬೇಕಾದ ಲಕ್ಷಣಗಳು. ಹೊಟ್ಟೆ ಉರಿಯಿತು, ಭೇದಿಯಾಯಿತು, ತಲೆ ತಿರುಗಿತು ಎಂಬುವು ಬಹುಮಟ್ಟಿಗೆ ಅಡ್ಡಪರಿಣಾಮಗಳು. ನಮ್ಮ ಕಡೆ “ಆ ಸೂಜಿ ನನಗ ಉಷ್ಣ ಆಗ್ತದ, ಆಗಿಬರಂಗಿಲ್ಲ” ಎನ್ನುವುದು ಪ್ರತಿ ಮನೆಯ ಮಾತು. ಅದನ್ನೆಲ್ಲ ಅಲರ್ಜಿ ಎಂದು ಬರೆದರೆ, ನಾಳೆ ಬೇಕೇಬೇಕಾದ ಒಂದು ಒಳ್ಳೆಯ ಆಂಟಿಬಯಾಟಿಕ್ ಸುಮ್ಮನೆ ಕೈತಪ್ಪುತ್ತದೆ. ಅಂಥದ್ದನ್ನು ‘ತೊಂದರೆ ಕೊಟ್ಟ ಔಷಧ’ ಎಂದು ಬೇರೆ ಸಾಲಿನಲ್ಲಿ ಬರೆಯಿರಿ.

ನಮ್ಮ ಅಜ್ಜಿಗೆ ಹಲ್ಲಿನ ಬಾವು ಬಂದಾಗ ಕೊಟ್ಟ ಕ್ಯಾಪ್ಸೂಲಿನಿಂದ ತುಟಿ ಬಾತಿತ್ತು, ದವಾಖಾನೆಯಲ್ಲಿ ಒಂದು ರಾತ್ರಿ ಇರಿಸಿಕೊಂಡಿದ್ದರು. ಹೆಸರು ಯಾರಿಗೂ ನೆನಪಿಲ್ಲ. ಹಳೆ ಡಿಸ್ಚಾರ್ಜ್ ಕಾರ್ಡ್ ಹುಡುಕಿದರೆ ಅಮಾಕ್ಸಿಸಿಲಿನ್ ಎಂದು ಸಿಗುತ್ತದೆ. ಕಾರ್ಡೇ ಸಿಗದಿದ್ದರೆ? ‘ಹಲ್ಲಿನ ಬಾವಿಗೆ ಕೊಟ್ಟ ಆಂಟಿಬಯಾಟಿಕ್ ಕ್ಯಾಪ್ಸೂಲ್, ಹೆಸರು ತಿಳಿಯದು, ತುಟಿ ಬಾತಿತ್ತು, 2016’ ಎಂದು ಬರೆಯಿರಿ. ಹೆಸರಿಲ್ಲದಿದ್ದರೂ ಓದಿದವರಿಗೆ ದಾರಿ ಸಿಗುತ್ತದೆ.

ಯಾವ ಅಲರ್ಜಿಯೂ ಇಲ್ಲದಿದ್ದರೆ ಜಾಗ ಖಾಲಿ ಬಿಡಬೇಡಿ, ‘ತಿಳಿದಂತೆ ಯಾವುದೂ ಇಲ್ಲ’ ಎಂದು ಬರೆಯಿರಿ. ಖಾಲಿ ಜಾಗ ಕಂಡವರಿಗೆ ಯಾರೂ ಕೇಳಿಯೇ ಇಲ್ಲವೋ, ಅಲರ್ಜಿಯೇ ಇಲ್ಲವೋ ಎಂಬುದು ಗೊತ್ತಾಗದು.

ಕಾಯಿಲೆ, ಮತ್ತು ಮಾಮೂಲಿ ದಿನ ಅವರು ಹೇಗಿರುತ್ತಾರೆ

ಕಾಯಿಲೆಗೆ ಐದಾರು ಸಾಲು ಸಾಕು, ಪ್ರತಿಯೊಂದಕ್ಕೂ ಶುರುವಾದ ವರ್ಷ ಇರಲಿ. ದೇಹದೊಳಗೆ ಹಾಕಿದ ಸ್ಟೆಂಟ್, ಪೇಸ್‌ಮೇಕರ್, ಕವಾಟ, ರಾಡು ಇದ್ದರೆ ಬರೆಯಲೇಬೇಕು. ಪೇಸ್‌ಮೇಕರ್ ಇದ್ದವರಿಗೆ ಎಂ.ಆರ್.ಐ. ಮಾಡುವ ಮುನ್ನ ಅದರ ಮಾದರಿ ನೋಡಬೇಕಾಗುತ್ತದೆ, ಹಾಕಿದಾಗ ಕೊಟ್ಟ ಕಾರ್ಡಿನ ಝೆರಾಕ್ಸ್ ಹಿಂದೆ ಇಡಿ. ಕಿಡ್ನಿಯ ಕ್ರಿಯಾಟಿನಿನ್ ಅಂಕಿಯನ್ನು ತಾರೀಖಿನ ಸಮೇತ ಬರೆಯಿರಿ. ಎಷ್ಟೋ ಔಷಧಗಳ ಪ್ರಮಾಣ, ಡೈ ಹಾಕಿ ಸಿ.ಟಿ. ಮಾಡುವ ತೀರ್ಮಾನ, ಮೆಟ್‌ಫಾರ್ಮಿನ್ ಮುಂದುವರಿಸುವ ವಿಚಾರ ಎಲ್ಲ ಅದರ ಮೇಲೆ ನಿಂತಿರುತ್ತವೆ. ಕಳೆದ ಸಲ 1.4 ಇದ್ದದ್ದು ಇವತ್ತು 3 ಆಗಿದೆ ಎಂದು ಗೊತ್ತಾಗಬೇಕಾದರೆ ಆ 1.4 ಎಲ್ಲಾದರೂ ಬರೆದಿರಬೇಕಲ್ಲ.

ರಕ್ತದ ಗುಂಪಿಗೆ ಜನ ಕೊಡುವಷ್ಟು ಮಹತ್ವ ನಾನು ಕೊಡುವುದಿಲ್ಲ. ಆಸ್ಪತ್ರೆಯವರು ಚೀಟಿ ನಂಬಿ ರಕ್ತ ಏರಿಸುವುದಿಲ್ಲ, ತಾವೇ ಪರೀಕ್ಷಿಸಿ, ಹೊಂದಿಸಿ ನೋಡಿಯೇ ಏರಿಸುತ್ತಾರೆ. ಲ್ಯಾಬ್ ವರದಿ ಕೈಯಲ್ಲಿದ್ದರೆ ಬರೆಯಿರಿ, ನೆನಪಿನಿಂದ ಬೇಡ.

ಹೆಚ್ಚಿನ ಚೀಟಿಗಳಲ್ಲಿ ತಪ್ಪಿಹೋಗುವ ಸಾಲು ಇನ್ನೊಂದಿದೆ: ಕಾಯಿಲೆ ಇಲ್ಲದ ದಿನ ಇವರು ಹೇಗಿರುತ್ತಾರೆ? ಕೋಲು ಹಿಡಿದು ನಡೆಯುತ್ತಾರೆ, ಎಡಗಿವಿ ಕೇಳಿಸದು, ಮಕ್ಕಳ ಹೆಸರು ಸರಿಯಾಗಿ ಹೇಳುತ್ತಾರೆ, ಕನ್ನಡ ಮಾತ್ರ ಬರುತ್ತದೆ, ಕಟ್ಟಿಸಿದ ಹಲ್ಲು. ಇದು ಗೊತ್ತಿಲ್ಲದಿದ್ದರೆ ಅಪರಿಚಿತ ಡಾಕ್ಟರಿಗೆ ಅಜ್ಜಿಯ ತೊದಲು ಇವತ್ತು ಬಂದದ್ದೋ, ಹತ್ತು ವರ್ಷದಿಂದ ಇರುವುದೋ ಹೇಳಲಾಗದು. ಮೊದಲೇ ಪಾರ್ಶ್ವವಾಯು ಆಗಿ ಬಲಗೈ ಸೋತಿದ್ದರೆ ಅದನ್ನೂ ವರ್ಷ ಹಾಕಿ ಬರೆಯಿರಿ. ಮಿರಜ್, ಸೋಲಾಪುರದ ವಾರ್ಡಿನಲ್ಲಿ ಕಿವಿ ಕೇಳದ, ಮರಾಠಿ ಬಾರದ ಮುದುಕಿ ಸುಮ್ಮನೆ ಮುಖ ನೋಡುತ್ತಿದ್ದರೆ ಮಂಪರು ಕವಿದಿದೆ ಎಂದು ಯಾರಿಗಾದರೂ ಅನ್ನಿಸಬಹುದು.

ಯಾರಿಗೆ ಫೋನು ಮಾಡಬೇಕು

ಮೂರು ಹೆಸರು ಸಾಕು, ಆದರೆ ಮೂವರ ಕೆಲಸವೂ ಬೇರೆ ಬೇರೆ. ಮೊದಲನೆಯದು ಹತ್ತು ನಿಮಿಷದಲ್ಲಿ ಬಂದು ನಿಲ್ಲುವವರು, ಇಲ್ಲಿ ಮೈದುನನ ಮಗ. ಎರಡನೆಯದು ಔಷಧದ ವಿಷಯ ಗೊತ್ತಿರುವವರು, ಅಂದರೆ ಮಗಳು. ಮೂರನೆಯದು ಆಪರೇಷನ್ನಿಗೆ ಸಹಿ ಹಾಕುವ, ಖರ್ಚಿನ ಮಾತು ಆಡುವ ಮಗ. ಹಿರಿಯ ಮಗನ ಹೆಸರೇ ಮೇಲಿರಬೇಕು ಎಂದು ಮನೆಯಲ್ಲಿ ಮಾತು ಬರುತ್ತದೆ. ಪುಣೆಯಿಂದ ಅವನು ಬರುವಷ್ಟರಲ್ಲಿ ಬೆಳಗಾಗಿರುತ್ತದೆ ಎಂದು ಹೇಳಿ ಒಪ್ಪಿಸಿ.

ಹೆಸರಿನ ಮುಂದೆ ಸಂಬಂಧ, ಊರು ಇರಲಿ. ಹತ್ತು ಅಂಕಿಯನ್ನು ಐದೈದಾಗಿ ಬಿಡಿಸಿ ಬರೆಯಿರಿ, ಓದಿ ಒತ್ತುವಾಗ ತಪ್ಪು ಕಡಿಮೆ. ಬರೆದ ಮೇಲೆ ಬೇರೆಯವರ ಕೈಗೆ ಹಾಳೆ ಕೊಟ್ಟು ಆ ನಂಬರುಗಳಿಗೆ ಒಮ್ಮೆ ಫೋನು ಹಚ್ಚಿಸಿ. ಮಾಮೂಲಿ ನೋಡುವ ಡಾಕ್ಟರ ಹೆಸರು, ಆಸ್ಪತ್ರೆ, ಅಲ್ಲಿನ ಕೇಸ್ ಪೇಪರ್ ನಂಬರು ಕೆಳಗೆ ಬರಲಿ. ಆಧಾರ್ ನಂಬರು ಮಾತ್ರ ಬೇಡ, ಈ ಹಾಳೆ ಹತ್ತು ಕೈ ತಿರುಗುವಂಥದ್ದು. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡಿನ ಝೆರಾಕ್ಸನ್ನು ಬೇರೆ ಕವರಿನಲ್ಲಿಡಿ, ಭರ್ತಿ ಮಾಡುವಾಗ ಕೇಳುತ್ತಾರೆ.

ತುಂಬಿದ ಚೀಟಿ ಹೀಗಿರುತ್ತದೆ

ಎ4 ಹಾಳೆ, ಒಂದೇ ಬದಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರ. ಮೇಲ್ತುದಿಯಲ್ಲಿ ಚೌಕ ಎಳೆದು ಅಲರ್ಜಿ, ರಕ್ತ ತೆಳುವಾಗಿಸುವ ಗುಳಿಗೆ, ಶುಗರ್ ಇಳಿಸುವ ಔಷಧ, ಈ ಮೂರನ್ನು ಅದರೊಳಗೆ ಬರೆಯಿರಿ. ಉಳಿದದ್ದನ್ನು ಓದಲು ಪುರುಸೊತ್ತು ಸಿಗದಿದ್ದರೂ ಇಷ್ಟು ಕಣ್ಣಿಗೆ ಬೀಳುತ್ತದೆ. ಡಾಕ್ಟರು ಸರಿಪಡಿಸಿದ ಮೇಲೆ ನಮ್ಮ ಅಜ್ಜಿಯದು ಹೀಗೆ; ಇಲ್ಲಿ ಓದಲೆಂದು ಕನ್ನಡದಲ್ಲಿದೆ, ನಿಮ್ಮ ಹಾಳೆಯಲ್ಲಿ ಔಷಧದ ಹೆಸರು ಇಂಗ್ಲಿಷಿನಲ್ಲೇ ಇರಲಿ:

ಹೆಸರು (ಆಧಾರಿನಲ್ಲಿರುವಂತೆ), ಮನೆಯಲ್ಲಿ ಕರೆಯುವ ಹೆಸರು, ಹುಟ್ಟಿದ ವರ್ಷ. ಚೀಟಿ ಬರೆದ ತಾರೀಖು.
ಚೌಕದೊಳಗೆ: ಅಮಾಕ್ಸಿಸಿಲಿನ್ – ತುಟಿ ಬಾತಿತ್ತು, 2016. ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್ ತಗೊಳ್ಳುತ್ತಾರೆ. ಗ್ಲಿಮೆಪಿರೈಡ್ ತಗೊಳ್ಳುತ್ತಾರೆ.
ಕಾಯಿಲೆ: ಶುಗರ್ 2009ರಿಂದ. ಬಿಪಿ 2012ರಿಂದ. ಹೃದಯಕ್ಕೆ ಒಂದು ಸ್ಟೆಂಟ್, 2021, ಸೋಲಾಪುರ. ಕ್ರಿಯಾಟಿನಿನ್ 1.4 (ತಾರೀಖು).
ಮುಂಜಾನೆ: ಗ್ಲಿಮೆಪಿರೈಡ್ 1 ಎಂ.ಜಿ. + ಮೆಟ್‌ಫಾರ್ಮಿನ್ 500 ಎಂ.ಜಿ. ಸೇರಿದ ಒಂದು ಗುಳಿಗೆ, ನಾಷ್ಟಾ ಜೊತೆ, ಶುಗರಿಗೆ. ಟೆಲ್ಮಿಸಾರ್ಟನ್ 40 ಎಂ.ಜಿ., ಬಿಪಿಗೆ. ಟಾರ್ಸೆಮೈಡ್ 10 ಎಂ.ಜಿ., ಕಾಲು ಬಾವಿಗೆ – ಪ್ರಯಾಣದ ದಿನ ಬಿಡುವುದುಂಟು.
ಮಧ್ಯಾಹ್ನ ಊಟದ ಮೇಲೆ: ಕ್ಲೋಪಿಡೋಗ್ರೆಲ್ 75 ಎಂ.ಜಿ. + ಆಸ್ಪಿರಿನ್ 75 ಎಂ.ಜಿ., ಸ್ಟೆಂಟಿಗೆ.
ರಾತ್ರಿ: ಅಟೊರ್ವಾಸ್ಟಾಟಿನ್ 40 ಎಂ.ಜಿ., ಕೊಲೆಸ್ಟ್ರಾಲಿಗೆ.
ಬೇಕಾದಾಗ: ಐಸೊಸಾರ್ಬೈಡ್ ಡೈನೈಟ್ರೇಟ್ 5 ಎಂ.ಜಿ., ಎದೆ ನೋವಿಗೆ ನಾಲಿಗೆ ಕೆಳಗೆ.
ನಿಲ್ಲಿಸಿದ್ದು: ಡೈಕ್ಲೋಫೆನಾಕ್, ಡಾಕ್ಟರ ಸಲಹೆಯಂತೆ.
ಮಾಮೂಲಿ ಸ್ಥಿತಿ: ಕೋಲು ಹಿಡಿದು ನಡಿಗೆ, ಎಡಗಿವಿ ಮಂದ, ನೆನಪು ಚೆನ್ನಾಗಿದೆ, ಕನ್ನಡ ಮಾತ್ರ.
ಫೋನು: ಮೈದುನನ ಮಗ, ಮಗಳು, ಮಗ.

ಈ ಔಷಧಗಳು ಈ ಅಜ್ಜಿಯವು. ನಿಮ್ಮ ಮನೆಯವರದು ಬೇರೆಯೇ ಇರುತ್ತದೆ, ಇದನ್ನು ನೋಡಿ ಯಾರೂ ಗುಳಿಗೆ ಶುರುಮಾಡಬಾರದು, ಬಿಡಲೂಬಾರದು.

ಎಲ್ಲಿ ಇಡುವುದು

ಲ್ಯಾಮಿನೇಷನ್ ಮಾಡಿಸಬೇಡಿ. ಖರ್ಚು ಮಾಡಿ ಮಾಡಿಸಿದ್ದು ಎಂದು ಗುಳಿಗೆ ಬದಲಾದ ಮೇಲೂ ಅದೇ ಹಾಳೆ ಉಳಿದುಬಿಡುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕವರ್ ಸಾಕು, ಹಾಳೆ ಬದಲಿಸಲು ಬರುತ್ತದೆ. ಇಂಕ್‌ಜೆಟ್ ಪ್ರಿಂಟಿಗೆ ನೀರು ತಗುಲಿದರೆ ಅಳಿಸಿಹೋಗುತ್ತದೆ, ಅದರ ಝೆರಾಕ್ಸ್ ತೆಗೆಸಿ ಅದನ್ನಿಡಿ.

ಒಂದು ಪ್ರತಿ ತಲೆಬಾಗಿಲಿನ ಒಳಬದಿಯಲ್ಲಿ, ಇನ್ನೊಂದು ಗುಳಿಗೆ ಡಬ್ಬಿಯಲ್ಲಿ ಇರಲಿ. ಮೂರನೆಯದು ಹೊರಗೆ ಹೋಗುವಾಗ ಮೈಮೇಲೆ ಇರಬೇಕಾದದ್ದು. ಎಲ್ಲಮ್ಮನ ಗುಡ್ಡಕ್ಕೋ ಪಂಢರಪುರಕ್ಕೋ ಹೋದ ಮುದುಕರ ಬ್ಯಾಗು ಒಂದು ಕಡೆ, ಅವರೊಂದು ಕಡೆ ಆಗುವುದುಂಟು. ಗಂಡಸರಿಗೆ ಅಂಗಿಯ ಒಳಗಿಸೆ ಇದೆ. ಹೆಣ್ಣುಮಕ್ಕಳಿಗೆ ಎಲೆ ಅಡಿಕೆ ಸಂಚಿಗಿಂತ ಖಾತ್ರಿಯ ಜಾಗ ಇಲ್ಲ, ಅದನ್ನು ಅವರು ಬಿಟ್ಟು ಹೋಗುವುದಿಲ್ಲ. ಆದರೆ ಸುಣ್ಣ, ಕಾಚು ಹತ್ತಿ ಅಕ್ಷರ ಮಾಸುತ್ತದೆ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೌಕ ಹೊರಗೆ ಕಾಣುವಂತೆ. ಮನೆಮಂದಿಯ ಫೋನುಗಳಲ್ಲಿ ಅದರ ಫೋಟೊ ಇರಲಿ.

ಹೃದಯದ ಕಾಯಿಲೆ ಇದ್ದವರು ಹಿಂದಿನ ಇ.ಸಿ.ಜಿ.ಯ ಝೆರಾಕ್ಸನ್ನು ಚೀಟಿಯ ಹಿಂದೆ ಇಡಿ. ಇವತ್ತಿನ ಬದಲಾವಣೆ ಹೊಸದೋ ಹಳೆಯದೋ ಎಂದು ಹೋಲಿಸಲು ಅದಕ್ಕಿಂತ ದೊಡ್ಡ ನೆರವಿಲ್ಲ. ಮೂಲ ಪ್ರತಿ ಹೆಚ್ಚಾಗಿ ಥರ್ಮಲ್ ಕಾಗದದ್ದು, ನಮ್ಮ ಏಪ್ರಿಲ್ ಬಿಸಿಲಿಗೆ ಟ್ರಂಕಿನಲ್ಲೇ ಮಾಸಿಹೋಗುತ್ತದೆ.

108ಕ್ಕೆ ಅಥವಾ 112ಕ್ಕೆ ಫೋನು ಮಾಡಿದಾಗ ಚೀಟಿ ಕೈಯಲ್ಲಿರಲಿ. ಆಂಬುಲೆನ್ಸಿನವರಿಗೆ ಕೊಡುವ ಮೊದಲು ಅದರ ಮೇಲೆ ಒಂದೇ ಒಂದು ಸಾಲು ಪೆನ್ನಿನಿಂದ ಸೇರಿಸಿ: ಕಡೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ, ಕಡೆಯ ಗುಳಿಗೆ ಎಷ್ಟು ಗಂಟೆಗೆ. ಪಾರ್ಶ್ವವಾಯುವಿನ ಆ ನಾಲ್ಕೂವರೆ ತಾಸಿನ ಲೆಕ್ಕ ಶುರುವಾಗುವುದು ಈ ಗಂಟೆಯಿಂದ. ಮಲಗಿದ್ದಾಗಲೇ ಆಗಿದ್ದರೆ, ಎದ್ದ ಹೊತ್ತನ್ನಲ್ಲ, ರಾತ್ರಿ ಮಲಗುವಾಗ ಸರಿಯಿದ್ದ ಹೊತ್ತನ್ನು ಬರೆಯಬೇಕು.

ಬದಲಾದಾಗ

ಒಂದು ಗುಳಿಗೆ ಬದಲಾದರೂ ಹೊಸ ಹಾಳೆ, ಹೊಸ ತಾರೀಖು. ಹೊಡೆದು ತಿದ್ದಿದ ಹಾಳೆಯನ್ನು ಯಾರೂ ನಂಬುವುದಿಲ್ಲ. ಏನೂ ಬದಲಾಗದಿದ್ದರೂ ಮೂರು ತಿಂಗಳಿಗೊಮ್ಮೆ ಚೀಲ ಸುರಿದು ತಾಳೆ ನೋಡಿ.

ಹೆಚ್ಚು ಎಡವಟ್ಟಾಗುವುದು ಡಿಸ್ಚಾರ್ಜ್ ಆದ ವಾರದಲ್ಲಿ. ಆಸ್ಪತ್ರೆಯವರು ಹೊಸ ಪಟ್ಟಿ ಕೊಡುತ್ತಾರೆ, ಮನೆಯ ಡಬ್ಬಿಯಲ್ಲಿ ಹಳೆಯ ಗುಳಿಗೆ ಇದ್ದೇ ಇರುತ್ತವೆ, ಅಜ್ಜಿ ಎರಡನ್ನೂ ಶುರುಮಾಡುತ್ತಾಳೆ. ಬಿಡುಗಡೆಯ ದಿನ ಬಿಲ್ ಕಟ್ಟುವ ಗಡಿಬಿಡಿಗೆ ಮೊದಲು, ಹಳೆ ಚೀಟಿಯನ್ನು ಡಾಕ್ಟರ ಮುಂದಿಟ್ಟು ಇದರಲ್ಲಿ ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯಿತು, ಯಾವುದು ಹೊಸದು ಎಂದು ಕೇಳಿ, ಅವರ ಎದುರಿಗೇ ಗುರುತು ಹಾಕಿಕೊಳ್ಳಿ. ಅದೇ ಸಂಜೆ ಹೊಸ ಚೀಟಿ ಬರೆಯಿರಿ, ನಿಂತ ಗುಳಿಗೆಗಳನ್ನು ಡಬ್ಬಿಯಿಂದ ತೆಗೆಯಿರಿ. ಬಾಗಿಲಿನದು, ಡಬ್ಬಿಯದು, ಸಂಚಿಯದು ಮೂರೂ ಹಳೆ ಪ್ರತಿ ಹರಿದುಹಾಕಿ, ಫೋನುಗಳಲ್ಲಿರುವ ಹಳೆ ಫೋಟೊ ಅಳಿಸಿ ಹೊಸದನ್ನು ಕಳಿಸಿ.